ಎರಡನೇ ಗೇರಿನ ಹಿತ್ತಾಳೆ ಉಂಗುರ

ಪುಣೆಯಲ್ಲಿರುವ ನಮ್ಮ ಕಡೆಯವರು ಯಾರೇ ಕಾರು ಕೊಳ್ಳಲಿ, ಅದರ ನಿಜವಾದ ಪರೀಕ್ಷೆ ನಡೆಯುವುದು ಊರಿಗೆ ಹೊರಟಾಗ. ಕಾತ್ರಜ್ ದಾಟಿ, ಶಿರವಳ ದಾಟಿ, ಸಾತಾರಾ ಕಡೆಗೆ ಹೋಗುವ ಹಳೆಯ ರಸ್ತೆ ಖಂಬಾಟಕಿ ಘಾಟ್ ಹತ್ತುತ್ತದೆ. ಕಾರಿನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಎಸಿ ಬೇರೆ. ನಾಲ್ಕನೇ ಗೇರಿನಲ್ಲಿ ಹಾಯಾಗಿ ಬರುತ್ತಿದ್ದ ಗಾಡಿ ಏರಿನಲ್ಲಿ ನಿಧಾನವಾಗಿ ಸೋಲತೊಡಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮುಳ್ಳು ಇಳಿಯುತ್ತಲೇ ಇರುತ್ತದೆ. ಮೂರನೇ ಗೇರಿಗೆ ಇಳಿಸಿದ ಕೂಡಲೇ ಇಂಜಿನ್ ದನಿ ಏರುತ್ತದೆ, ಗಾಡಿ ಮತ್ತೆ ಹತ್ತುತ್ತದೆ. ಇಂಜಿನ್ ಅದೇ, ಪೆಟ್ರೋಲೂ ಅದೇ. ಹಾಗಾದರೆ ಹೊಸ ಬಲ ಬಂದದ್ದು ಎಲ್ಲಿಂದ?

ನಾನು ಹುಬ್ಬಳ್ಳಿಯವಳು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಗೇರ್‌ಬಾಕ್ಸಿನ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವುದು ನನ್ನ ಕೆಲಸ. ದಿನಕ್ಕೆ ನೂರಾರು ಹಿತ್ತಾಳೆ ಉಂಗುರಗಳು ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಕಾರು ಓಡಿಸುವ ಗೆಳೆಯರಲ್ಲಿ ಹೆಚ್ಚಿನವರು ಈ ಉಂಗುರವನ್ನು ಕಂಡಿಲ್ಲ, ಆದರೆ ದಿನವೂ ಅದನ್ನು ಸವೆಸುತ್ತಿರುತ್ತಾರೆ. ಉಂಗುರದ ಮಾತಿಗೆ ಬರುವ ಮೊದಲು ಘಾಟಿನ ಲೆಕ್ಕ ಮುಗಿಸಿಬಿಡೋಣ.

ಹನ್ನೆರಡು ಹಲ್ಲಿನ ಚಿಕ್ಕ ಗೇರು ನಲವತ್ತೆರಡು ಹಲ್ಲಿನ ದೊಡ್ಡ ಗೇರನ್ನು ತಿರುಗಿಸುತ್ತಿದೆ ಎನ್ನಿ. ದೊಡ್ಡದು ಒಂದು ಸುತ್ತು ಮುಗಿಸಲು ಚಿಕ್ಕದು ಮೂರೂವರೆ ಸುತ್ತು ಹಾಕಬೇಕು. ಅಂದರೆ ವೇಗ ಮೂರೂವರೆ ಪಟ್ಟು ಇಳಿಯಿತು. ಇದರ ಇನ್ನೊಂದು ಮುಖವೂ ಇದೆ. ಎರಡು ಗೇರುಗಳ ಹಲ್ಲುಗಳು ಒಂದನ್ನೊಂದು ತಳ್ಳುವ ಜಾಗದಲ್ಲಿ ಬಲ ಒಂದೇ. ಆದರೆ ದೊಡ್ಡ ಗೇರಿನ ನಡುವಿನಿಂದ ಅಂಚಿನವರೆಗಿನ ದೂರ ಮೂರೂವರೆ ಪಟ್ಟು ಹೆಚ್ಚು. ಉದ್ದ ಹಿಡಿಕೆಯ ಪಾನದಿಂದ ನಟ್ಟು ಸುಲಭವಾಗಿ ಬಿಚ್ಚಿದ ಹಾಗೆ, ಆ ಶಾಫ್ಟಿನ ತಿರುಚುವ ಬಲ ಮೂರೂವರೆ ಪಟ್ಟು ಹೆಚ್ಚುತ್ತದೆ. ವೇಗದಲ್ಲಿ ಬಿಟ್ಟುಕೊಟ್ಟದ್ದನ್ನು ಬಲದಲ್ಲಿ ಪಡೆದೆವು, ಅಷ್ಟೇ. ಹೊಸದಾಗಿ ಏನೂ ಹುಟ್ಟಲಿಲ್ಲ.

ಘಾಟ್ ರಸ್ತೆಯೂ ಮಾಡುವುದು ಇದನ್ನೇ. ಗುಡ್ಡವನ್ನು ನೆಟ್ಟಗೆ ಹತ್ತಿದರೆ ದೂರ ಕಡಿಮೆ, ಎಳೆತ ವಿಪರೀತ. ಬಳಸಿಕೊಂಡು ಹತ್ತಿದರೆ ದಾರಿ ಉದ್ದ, ಎಳೆತ ಹಗುರ. ರಸ್ತೆ ಹೊರಗೆ ಮಾಡುವ ಈ ವ್ಯಾಪಾರವನ್ನೇ ಗೇರ್‌ಬಾಕ್ಸ್ ಒಳಗೆ ಮಾಡುತ್ತದೆ.

ಈಗ ಅಂಕಿ ಇಟ್ಟು ನೋಡೋಣ. ಒಂದು ಚಿಕ್ಕ ಪೆಟ್ರೋಲ್ ಕಾರು, ಜನ ಮತ್ತು ಸಾಮಾನು ಸೇರಿ 1100 ಕೆಜಿ. 3500 ಆರ್‌ಪಿಎಂನಲ್ಲಿ ಇಂಜಿನ್ 90 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ. ಒಂದನೇ ಗೇರಿನ ಅನುಪಾತ 3.5, ಎರಡನೆಯದು 1.9, ಮೂರನೆಯದು 1.3, ನಾಲ್ಕನೆಯದು 0.95, ಐದನೆಯದು 0.75. ಇದರ ಮುಂದೆ ಚಕ್ರಗಳ ಹತ್ತಿರ ಇನ್ನೊಂದು ಕಾಯಂ ಇಳಿಕೆ ಇರುತ್ತದೆ, ಅದನ್ನು 4 ಎಂದು ಹಿಡಿಯೋಣ. ಇವು ಲೆಕ್ಕ ಸುಲಭವಾಗಲೆಂದು ದುಂಡಗೆ ಮಾಡಿದ ಅಂಕಿಗಳು. ನಿಮ್ಮ ಕಾರಿನ ಅಂಕಿಗಳೂ ಇವುಗಳ ಆಸುಪಾಸಿನಲ್ಲೇ ಇರುತ್ತವೆ.

ನಾಲ್ಕನೇ ಗೇರಿನಲ್ಲಿ 90ನ್ನು 0.95ರಿಂದಲೂ 4ರಿಂದಲೂ ಗುಣಿಸಿದರೆ ಚಕ್ರದ ಅಚ್ಚಿನಲ್ಲಿ 342 ಸಿಗುತ್ತದೆ. ಚಕ್ರದ ತ್ರಿಜ್ಯ 28 ಸೆಂಟಿಮೀಟರ್ ಎಂದು ಭಾಗಿಸಿದರೆ, ಟೈರು ರಸ್ತೆಯನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 125 ಕೆಜಿ ತೂಕದಷ್ಟು. ಗೇರುಗಳ ತಿಕ್ಕಾಟಕ್ಕೆ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ ಎಂದರೆ ಉಳಿಯುವುದು 112. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ 1100 ಕೆಜಿಯ ಗಾಡಿಯನ್ನು ಭೂಮಿ ಹಿಂದಕ್ಕೆ ಎಳೆಯುವುದು 110 ಕೆಜಿಯಷ್ಟು. ಟೈರಿನ ಉರುಳು ತಡೆ ಮತ್ತು ಗಾಳಿ ಸೇರಿ ಅರವತ್ತರ ವೇಗದಲ್ಲಿ ಇನ್ನೊಂದು 25. ಬೇಕಾದದ್ದು 135, ಇರುವುದು 112. ಗಾಡಿ ಸೋಲಲೇಬೇಕು. ಸೋತು ವೇಗ ಇಳಿದ ಹಾಗೆ ಇಂಜಿನ್ ಆರ್‌ಪಿಎಂ ಕೂಡ ಇಳಿಯುತ್ತದೆ. ಚಿಕ್ಕ ಪೆಟ್ರೋಲ್ ಇಂಜಿನ್ ಕೆಳಗಿನ ಆರ್‌ಪಿಎಂನಲ್ಲಿ ಇನ್ನೂ ಬಡವ. ಹಾಗಾಗಿ ಆಕ್ಸಿಲರೇಟರ್ ಒತ್ತಿ ಉಪಯೋಗವಿಲ್ಲ.

ಮೂರನೇ ಗೇರಿಗೆ ಬಂದರೆ ಅದೇ 90 ನ್ಯೂಟನ್ ಮೀಟರ್ ಸವಕಳಿ ಕಳೆದು 153 ಕೆಜಿ ಬಲವಾಗುತ್ತದೆ. 135 ಬೇಕಿದ್ದ ಕಡೆ 153. ಗಾಡಿ ಹತ್ತುತ್ತದೆ. ಇದಕ್ಕೆ ಕೊಟ್ಟ ಬೆಲೆ ಏನು? 3500 ಆರ್‌ಪಿಎಂನಲ್ಲಿ ನಾಲ್ಕನೇ ಗೇರು ಗಂಟೆಗೆ 97 ಕಿಲೋಮೀಟರ್ ಓಡಿಸುತ್ತಿತ್ತು, ಮೂರನೆಯದು 71ಕ್ಕೇ ನಿಲ್ಲಿಸುತ್ತದೆ. ತಿರುವಿನಲ್ಲಿ ಏರು ಇನ್ನೂ ಕಡಿದಾಗಿ, ಏಳು ಮೀಟರಿಗೆ ಒಂದು ಮೀಟರ್ ಆಯಿತೆಂದರೆ 170ರಷ್ಟು ಬಲ ಬೇಕು. ಅಲ್ಲಿ ಮೂರನೆಯದೂ ಸಾಲದು. ಎರಡನೇ ಗೇರು 224 ಕೊಡುತ್ತದೆ, ಆದರೆ ಅದರ ವೇಗ 49. ಪ್ರತಿ ಗೇರಿನ ಬಲವನ್ನೂ ವೇಗವನ್ನೂ ಗುಣಿಸಿ ನೋಡಿ, ಉತ್ತರ ಹೆಚ್ಚುಕಡಿಮೆ ಒಂದೇ. ಅದೇ ಇಂಜಿನ್ನಿನ ಶಕ್ತಿ. ಗೇರ್‌ಬಾಕ್ಸ್ ಅದನ್ನು ಹೆಚ್ಚಿಸಲಾರದು. ಇರುವುದನ್ನು ಯಾವ ರೂಪದಲ್ಲಿ ಕೊಡಬೇಕೆಂದು ಮಾತ್ರ ನಿರ್ಧರಿಸುತ್ತದೆ.

ಕಾಗದದ ಮೇಲೆ ಇಷ್ಟು ಸಲೀಸು. ಆದರೆ ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವ ಆ ಒಂದು ಕ್ಷಣ ಒಳಗೆ ಸಲೀಸಾಗಿರುವುದಿಲ್ಲ.

ಗೇರ್ ಹಾಕಿದಾಗ ದೊಡ್ಡ ಗೇರುಗಳು ಸರಿದು ಬಂದು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ ಎಂದು ಹಲವರು ತಿಳಿದಿರುತ್ತಾರೆ. ಇಂದಿನ ಕಾರುಗಳಲ್ಲಿ ಮುಂದಕ್ಕೆ ಓಡಿಸುವ ಗೇರುಗಳೆಲ್ಲ ಸದಾ ಕಚ್ಚಿಕೊಂಡೇ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಗೇರು ತನ್ನ ಶಾಫ್ಟಿನ ಮೇಲೆ ಬಳೆಯಂತೆ ಸಡಿಲವಾಗಿ ತಿರುಗುತ್ತಿರುತ್ತದೆ. ನಾವು ಲಿವರ್ ತಳ್ಳಿದಾಗ ಸರಿಯುವುದು ಸ್ಲೀವ್ ಎಂಬ ಒಳಹಲ್ಲಿನ ಪಟ್ಟಿ. ಅದು ಶಾಫ್ಟಿನ ಜೊತೆ ತಿರುಗುತ್ತಲೇ ಪಕ್ಕಕ್ಕೆ ಸರಿದು, ಸಡಿಲ ಗೇರಿನ ಬದಿಯಲ್ಲಿರುವ ಚಿಕ್ಕ ಹಲ್ಲುಗಳ ಸಾಲನ್ನು ಹಿಡಿದುಕೊಂಡು ಗೇರನ್ನು ಶಾಫ್ಟಿಗೆ ಬೀಗ ಹಾಕುತ್ತದೆ.

ತೊಂದರೆ ಇರುವುದು ವೇಗದಲ್ಲಿ. ಮೂರನೇ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರ್ ಹೋಗುತ್ತಿದ್ದೀರಿ, ಇಂಜಿನ್ 2000 ಆರ್‌ಪಿಎಂ. ನಮ್ಮ ಲೆಕ್ಕದ ಕಾರಿನಲ್ಲಿ ಚಕ್ರದ ಕಡೆಯ ಶಾಫ್ಟ್ ಆಗ ನಿಮಿಷಕ್ಕೆ ಸುಮಾರು 1540 ಸುತ್ತು ತಿರುಗುತ್ತಿರುತ್ತದೆ. ಅದೇ ಶಾಫ್ಟಿನ ಮೇಲೆ ಸಡಿಲವಾಗಿ ಕೂತ ಎರಡನೇ ಗೇರು 2000ವನ್ನು 1.9ರಿಂದ ಭಾಗಿಸಿದಷ್ಟು, ಅಂದರೆ 1050 ಸುತ್ತು. ಇಬ್ಬರ ನಡುವೆ 490 ಸುತ್ತಿನ ಅಂತರ. ಈ ಸ್ಥಿತಿಯಲ್ಲಿ ಸ್ಲೀವನ್ನು ನೂಕಿದರೆ ಹಲ್ಲಿಗೆ ಹಲ್ಲು ಬಡಿದು ಕರ್ರ್ ಎಂಬ ದನಿ ಬರುತ್ತದೆ. ಬೀಗ ಬೀಳುವ ಮೊದಲು ಯಾರಾದರೂ ಎರಡನೇ ಗೇರನ್ನು 1540ಕ್ಕೆ ಏರಿಸಬೇಕು.

ಹಿಂದೆ ಆ ಕೆಲಸ ಡ್ರೈವರನದೇ ಆಗಿತ್ತು. ನಮ್ಮ ಕಾಕಾ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಇಳಿಗೇರಿಗೆ ಡಬಲ್ ಕ್ಲಚ್ ಹೊಡೆಯುತ್ತಿದ್ದರು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒಂದು ಸಲ ಒತ್ತಿ, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕುವುದು. ನಡುವೆ ಒತ್ತಿದ ಆ ಆಕ್ಸಿಲರೇಟರ್ ಒಳಗಿನ ಗೇರುಗಳನ್ನು ಬೇಕಾದ ವೇಗಕ್ಕೆ ಏರಿಸುತ್ತಿತ್ತು. ಎಷ್ಟು ಒತ್ತಬೇಕು ಎಂಬುದಕ್ಕೆ ಮೀಟರ್ ಇರಲಿಲ್ಲ. "ಕಿವಿಗೆ ತಿಳಿತದವಾ" ಎನ್ನುತ್ತಿದ್ದರು.

ಆ ಕಿವಿಯ ಕೆಲಸವನ್ನು ಮೊದಲು ಕಾರಿನ ಯಂತ್ರಕ್ಕೆ ಒಪ್ಪಿಸಿದವರು ಅಮೆರಿಕದ ಎಂಜಿನಿಯರ್ ಅರ್ಲ್ ಥಾಂಪ್ಸನ್. ಅವರ ಸಿಂಕ್ರೋಮೆಶ್ 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಮುಂದೆ ಅದು ಬೆಳೆದು ಈಗಿನ ರೂಪಕ್ಕೆ ಬಂದಾಗ ಅದರ ಹೃದಯ ಭಾಗದಲ್ಲಿ ನಿಂತದ್ದು ನನ್ನ ಮೇಜಿನ ಮೇಲಿರುವಂಥ ಹಿತ್ತಾಳೆ ಉಂಗುರ.

ಉಂಗುರದ ಒಳಮೈ ಲೋಟದಂತೆ ಸ್ವಲ್ಪ ಓರೆ. ಗೇರಿನ ಬದಿಯಲ್ಲಿ ಅದಕ್ಕೆ ಸರಿಹೊಂದುವ ಉಕ್ಕಿನ ಕೋನ್ ಇರುತ್ತದೆ. ಲಿವರ್ ತಳ್ಳಿದ ಕೂಡಲೇ ಸ್ಲೀವಿನೊಳಗಿನ ಮೂರು ಚಿಕ್ಕ ಕೀಲಿಗಳು ಉಂಗುರವನ್ನು ಆ ಕೋನ್ ಮೇಲೆ ಒತ್ತುತ್ತವೆ. ಒಂದು ಲೋಟದೊಳಗೆ ಇನ್ನೊಂದು ಲೋಟ ಕೂತಾಗ ಹೇಗೆ ಬಿಗಿಯಾಗುತ್ತದೋ ಹಾಗೆ, ಕೈಯ ಸಣ್ಣ ಒತ್ತಡವೇ ಅಲ್ಲಿ ದೊಡ್ಡ ಹಿಡಿತವಾಗುತ್ತದೆ. ಈ ತಿಕ್ಕಾಟ 1050ರಲ್ಲಿದ್ದ ಗೇರನ್ನು 1540ರ ಕಡೆಗೆ ಎಳೆಯುತ್ತದೆ. ಓರೆಯ ಕೋನ ಸಾಮಾನ್ಯವಾಗಿ ಆರೇಳು ಡಿಗ್ರಿ. ಇದಕ್ಕಿಂತ ಬಹಳ ಕಡಿಮೆಯಾದರೆ ಲೋಟಗಳು ಕಚ್ಚಿಕೊಂಡು ಬಿಡದಂತಾಗುತ್ತವೆ, ಬಹಳ ಹೆಚ್ಚಾದರೆ ಹಿಡಿತವೇ ಸಿಗುವುದಿಲ್ಲ.

ಉಂಗುರದ ಒಳಮೈಯಲ್ಲಿ ಕೂದಲೆಳೆಯಂಥ ಗೆರೆಗಳನ್ನು ಕೊರೆದಿರುತ್ತಾರೆ. ಗೇರ್‌ಬಾಕ್ಸ್ ತುಂಬ ಎಣ್ಣೆ. ಎಣ್ಣೆಯ ಪದರದ ಮೇಲೆ ತಿಕ್ಕಾಟ ಹುಟ್ಟುವುದು ಹೇಗೆ? ಈ ಗೆರೆಗಳ ಚೂಪು ತುದಿಗಳು ಎಣ್ಣೆಯನ್ನು ಸೀಳಿ ಪಕ್ಕಕ್ಕೆ ಸರಿಸುತ್ತವೆ. ಆಮೇಲೆಯೇ ಲೋಹ ಲೋಹವನ್ನು ಹಿಡಿಯುತ್ತದೆ. ಚಳಿಗಾಲದ ಬೆಳಿಗ್ಗೆ ಎಣ್ಣೆ ಮಂದವಾಗಿರುವಾಗ ಮೊದಲ ಕೆಲವು ನಿಮಿಷ ಗೇರು ಬಿಗಿ ಎನಿಸುವುದಕ್ಕೆ ಇದೇ ಕಾರಣ.

ಉಂಗುರದ ಎರಡನೇ ಕೆಲಸ ಬಾಗಿಲು ಕಾಯುವುದು. ಅದರ ಹೊರ ಅಂಚಿನಲ್ಲೂ ಹಲ್ಲುಗಳಿವೆ. ವೇಗದಲ್ಲಿ ಅಂತರ ಇರುವವರೆಗೆ ಗೇರು ಉಂಗುರವನ್ನು ಅರ್ಧ ಹಲ್ಲಿನಷ್ಟು ಪಕ್ಕಕ್ಕೆ ಎಳೆದು ಹಿಡಿದಿರುತ್ತದೆ. ಆಗ ಉಂಗುರದ ಹಲ್ಲುಗಳು ಸ್ಲೀವಿನ ಹಲ್ಲುಗಳಿಗೆ ಎದುರಾಗಿ ನಿಂತು ಮುಂದೆ ಹೋಗಗೊಡುವುದಿಲ್ಲ. ನೀವು ಎಷ್ಟು ತಳ್ಳಿದರೂ ಆ ಒತ್ತಡ ಕೋನ್ ಮೇಲಿನ ಹಿಡಿತವನ್ನೇ ಹೆಚ್ಚಿಸುತ್ತದೆ. ಎರಡೂ ವೇಗ ಸಮವಾದ ಕ್ಷಣದಲ್ಲಿ ಉಂಗುರವನ್ನು ಪಕ್ಕಕ್ಕೆ ಎಳೆಯುತ್ತಿದ್ದ ತಿಕ್ಕಾಟ ಇಲ್ಲವಾಗುತ್ತದೆ. ಸ್ಲೀವಿನ ಹಲ್ಲಿನ ಓರೆ ತುದಿ ಉಂಗುರವನ್ನು ಮೆಲ್ಲಗೆ ಬದಿಗೆ ತಿರುಗಿಸಿ ಒಳಗೆ ನುಗ್ಗುತ್ತದೆ. ಲಿವರಿನಲ್ಲಿ ಒಂದು ಗಳಿಗೆ ತಡೆ, ಮರುಗಳಿಗೆ ಟಪ್ ಎಂದು ಬೀಳುವುದು ಎಂಬ ಅನುಭವ ಕೈಗೆ ಬರುತ್ತದಲ್ಲ, ಅದು ಈ ಬಾಗಿಲು ತೆರೆದ ಸುದ್ದಿ.

ಇಷ್ಟೆಲ್ಲ ನಡೆಯುವಾಗ ಕ್ಲಚ್ ಪೂರ್ತಿ ಒತ್ತಿರಬೇಕು. ಆಗ ಉಂಗುರ ವೇಗ ಬದಲಿಸಬೇಕಾದದ್ದು ಗೇರುಗಳನ್ನು, ಒಂದು ಶಾಫ್ಟನ್ನು ಮತ್ತು ಕ್ಲಚ್ ಪ್ಲೇಟನ್ನು ಮಾತ್ರ. ಅರ್ಧ ಒತ್ತಿದರೆ ಇಡೀ ಇಂಜಿನ್ನಿನ ಓಟವನ್ನೇ ಆ ಬಳೆಯಷ್ಟು ಉಂಗುರ ಎಳೆಯಬೇಕಾಗುತ್ತದೆ.

ಕಳೆದ ವರ್ಷ ಈ ಉಂಗುರವೇ ಒಬ್ಬರ ಮನೆಯ ಲೆಕ್ಕವನ್ನು ಅಲ್ಲಾಡಿಸಿತು. ವಿಜಯಪುರದ ಕಡೆಯವರು, ಪುಣೆಯಲ್ಲಿ ಕ್ಯಾಬ್ ಓಡಿಸುತ್ತಾರೆ. ನಾನು ಬುಕ್ ಮಾಡಿದ ದಿನ ಫೋನಿನಲ್ಲಿ ನನ್ನ ಕನ್ನಡ ಕೇಳಿ ಮಾತಿಗೆ ಸಿಕ್ಕರು. ಎರಡನೇ ಗೇರು ಬಿದ್ದಾಗಲೆಲ್ಲ ಕರಕರ ಸದ್ದು.

"ಅಣ್ಣಾರ, ಯಾವಾಗಿಂದ ಹಿಂಗ ಆಗ್ಲಿಕತ್ತದ?" ಎಂದೆ.

"ಎರಡು ತಿಂಗಳಾತ್ರಿ ಅಕ್ಕಾರ. ಗ್ಯಾರೇಜಿನ್ಯಾಗ ತೋರಿಸಿದೆ. ಪೂರಾ ಗೇರ್‌ಬಾಕ್ಸ್ ಹೋಗ್ಯದ, ಐವತ್ತು ಸಾವಿರ ಆಗ್ತದ ಅಂದ್ರು. ಮಗಳ ಹಾಸ್ಟೆಲ್ ಫೀಜಿಗಿ ಇಟ್ಟ ರೊಕ್ಕ ಅದು."

ಅವರದು ಸಿಎನ್‌ಜಿ ಗಾಡಿ. ಸಿಎನ್‌ಜಿಯಲ್ಲಿ ಇಂಜಿನ್ನಿನ ತಿರುಚುಬಲ ಪೆಟ್ರೋಲಿಗಿಂತ ಕಡಿಮೆ, ಹಿಂದೆ ಸಿಲಿಂಡರಿನ ತೂಕ ಬೇರೆ. ಪೆಟ್ರೋಲ್ ಕಾರು ಮೂರನೇ ಗೇರಿನಲ್ಲಿ ದಾಟುವ ಫ್ಲೈಓವರಿಗೆ ಇವರು ಎರಡಕ್ಕೆ ಇಳಿಯಬೇಕು. ಜೊತೆಗೆ ಒಂದರಿಂದ ಎರಡಕ್ಕೆ ಇರುವ ಜಿಗಿತವೇ ಎಲ್ಲಕ್ಕಿಂತ ದೊಡ್ಡದು. 3.5ರಿಂದ 1.9ಕ್ಕೆ ಬರುವಾಗ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬೇಕು, ನಾಲ್ಕರಿಂದ ಐದಕ್ಕೆ ಹೋಗುವಾಗ ಐದರಲ್ಲಿ ಒಂದು ಪಾಲಷ್ಟೇ. ಸಿಗ್ನಲಿನಿಂದ ಸಿಗ್ನಲಿಗೆ ತೆವಳುವ ಊರಿನಲ್ಲಿ ಮೊದಲು ಸೋಲುವುದು ಎರಡನೇ ಗೇರಿನ ಉಂಗುರವೇ. ಹಾಗಾಗಿ ಪೂರಾ ಗೇರ್‌ಬಾಕ್ಸ್ ಎಂಬ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಅನುಮಾನ ಬೇರೆ, ಪರೀಕ್ಷೆ ಬೇರೆ. ಭಾನುವಾರ ಖಾಲಿ ರಸ್ತೆಗೆ ಬರಲು ಹೇಳಿದೆ.

ಮೊದಲು ಕ್ಲಚ್ ನೋಡಬೇಕಿತ್ತು. ಕ್ಲಚ್ ಪೂರ್ತಿ ಬಿಡದಿದ್ದರೂ ಗೇರು ಕರಗುಟ್ಟುತ್ತದೆ, ಆಗ ಉಂಗುರ ಬದಲಿಸಿ ಫಲವಿಲ್ಲ. ನಿಂತ ಗಾಡಿಯಲ್ಲಿ ಇಂಜಿನ್ ಚಾಲೂ ಇಟ್ಟು, ಕ್ಲಚ್ ಒತ್ತಿ, ಐದು ಎಣಿಸಿ ರಿವರ್ಸ್ ಹಾಕಿಸಿದೆ. ಆ ಕಾರಿನ ರಿವರ್ಸಿಗೆ ಉಂಗುರವಿಲ್ಲ. ಕ್ಲಚ್ ಎಳೆಯುತ್ತಿದ್ದರೆ ಅಲ್ಲಿ ಸದ್ದು ಬರಲೇಬೇಕು. ಬರಲಿಲ್ಲ. ಕ್ಲಚ್ ಸರಿಯಿದೆ ಎಂದಾಯಿತು.

ಆಮೇಲೆ ನಾನು ಓಡಿಸಿದೆ. ಮೂರರಿಂದ ಎರಡಕ್ಕೆ ಬೇಗ ತಳ್ಳಿದರೆ ಕರ್ರ್. ಬೇರೆ ಗೇರುಗಳಲ್ಲಿ ಸದ್ದಿಲ್ಲ. ಕೊನೆಗೆ ಕಾಕಾನ ಡಬಲ್ ಕ್ಲಚ್ ಹೊಡೆದೆ. ಅದೇ ವೇಗದಲ್ಲಿ ಎರಡನೇ ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು. ವೇಗವನ್ನು ನಾವೇ ಸಮ ಮಾಡಿಕೊಟ್ಟಾಗ ಸದ್ದು ಹೋಗುತ್ತದೆ ಎಂದರೆ, ಸಮ ಮಾಡಬೇಕಾದ ಭಾಗ ತನ್ನ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಎರಡನೇ ಗೇರಿನಲ್ಲಿ ಓಡುವಾಗ ಊಳಿಡುವ ಸದ್ದಿರಲಿಲ್ಲ, ಹಾಗಾಗಿ ಬೇರಿಂಗುಗಳ ಮೇಲೆ ಅನುಮಾನವಿರಲಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಗೇರು ತಾನಾಗಿ ಹೊರಗೆ ಜಿಗಿಯುತ್ತಲೂ ಇರಲಿಲ್ಲ. ಜಿಗಿದಿದ್ದರೆ ಬೀಗದ ಹಲ್ಲುಗಳೇ ಸವೆದಿವೆ ಎಂದು ಹೆದರಬೇಕಿತ್ತು.

ಬೇರೊಂದು ಚಿಕ್ಕ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿದರು. ಎರಡನೇ ಗೇರಿನ ಉಂಗುರವನ್ನು ಅದರ ಕೋನ್ ಮೇಲೆ ಕೈಯಿಂದ ಒತ್ತಿ ಹಿಡಿದು, ಉಂಗುರದ ಅಂಚಿಗೂ ಗೇರಿನ ಹಲ್ಲುಸಾಲಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆದೆ. ಉಂಗುರ ಸವೆದಷ್ಟೂ ಕೋನ್ ಮೇಲೆ ಹೆಚ್ಚು ಒಳಗೆ ಸರಿಯುತ್ತದೆ, ಸಂದು ಕಿರಿದಾಗುತ್ತದೆ. ಇಂಥ ಚಿಕ್ಕ ಕಾರುಗಳಲ್ಲಿ ಹೊಸದಕ್ಕೆ ಒಂದು ಮಿಲಿಮೀಟರಿನಷ್ಟು ಇರುತ್ತದೆ, ಅರ್ಧಕ್ಕಿಂತ ಕಡಿಮೆಯಾದರೆ ಬದಲಿಸಬೇಕು. ಇಲ್ಲಿ 0.3 ಕೂಡ ಕಷ್ಟಪಟ್ಟು ತೂರಿತು. ಒಳಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ದೇವರ ಮನೆಯ ಹಿತ್ತಾಳೆ ಹೊಳೆದರೆ ಸಂತೋಷ, ಈ ಹಿತ್ತಾಳೆ ಹೊಳೆದರೆ ಗೆರೆಗಳು ಮುಗಿದವು ಎಂದರ್ಥ.

ನಿಜವಾದ ತೀರ್ಮಾನ ಉಳಿದಿದ್ದದ್ದು ಗೇರಿನ ಮೇಲೆ. ಎರಡು ತಿಂಗಳ ಬಡಿತಕ್ಕೆ ಅದರ ಚಿಕ್ಕ ಹಲ್ಲುಗಳ ತುದಿ ಪೂರ್ತಿ ಮೊಂಡಾಗಿದ್ದರೆ ಗೇರನ್ನೂ ಬದಲಿಸಬೇಕಿತ್ತು, ಖರ್ಚು ಮೇಲೇರುತ್ತಿತ್ತು. ದೀಪದ ಕೆಳಗೆ ಒಂದೊಂದೇ ಹಲ್ಲು ನೋಡಿದೆವು. ಕೆಲವು ತುದಿಗಳು ಸ್ವಲ್ಪ ಮುಕ್ಕಾಗಿದ್ದವು, ಸ್ಲೀವನ್ನು ಹಿಡಿದಿಡುವ ಪಕ್ಕದ ಮೈಗಳು ಚೂಪಾಗಿಯೇ ಇದ್ದವು. ಗೇರು ಉಳಿಯಿತು. ಉಂಗುರ, ಸ್ಲೀವು ಮತ್ತು ಹಬ್ಬಿನ ಜೋಡಿ, ಕೀಲಿಗಳು, ಸೀಲು, ಎಣ್ಣೆ ಮತ್ತು ಕೂಲಿ ಸೇರಿ ಹನ್ನೆರಡು ಸಾವಿರದೊಳಗೆ ಮುಗಿಯಿತು. ಅದರಲ್ಲಿ ಉಂಗುರದ ಪಾಲು ಕೆಲವೇ ನೂರು. ಮಿಕ್ಕದ್ದರಲ್ಲಿ ದೊಡ್ಡ ಪಾಲು ಅದನ್ನು ತಲುಪುವ ದಾರಿಯ ಖರ್ಚು. ಇನ್ನು ಆರು ತಿಂಗಳು ಕರಕರ ಎನ್ನುತ್ತಲೇ ಓಡಿಸಿದ್ದರೆ ಗ್ಯಾರೇಜಿನವರ ಮಾತೇ ನಿಜವಾಗುವ ಸಾಧ್ಯತೆ ಇತ್ತು.

ಎಣ್ಣೆಯ ಡಬ್ಬಿಯನ್ನು ನಾನೇ ಓದಿ ಆರಿಸಿದೆ. ಕಾರಿನ ಕೈಪಿಡಿ ಜಿಎಲ್-4 ಎಂದು ಕೇಳಿತ್ತು. ಪಕ್ಕದಲ್ಲೇ ಇದ್ದ ಜಿಎಲ್-5 ಹೆಸರಿನಲ್ಲಿ ಒಂದು ಮೆಟ್ಟಿಲು ಮೇಲಿನದಂತೆ ಕಾಣುತ್ತದೆ. ಆದರೆ ಅದು ಹೆಚ್ಚು ಭಾರ ಹೊರುವ ಡಿಫರೆನ್ಷಿಯಲ್ ಗೇರುಗಳಿಗಾಗಿ ಮಾಡಿದ್ದು. ಅದರಲ್ಲಿನ ಗಂಧಕದ ಸೇರ್ಪಡೆಗಳು ಕೆಲವು ಸಲ ಹಿತ್ತಾಳೆಯನ್ನು ತಿನ್ನುತ್ತವೆ. ಜಾರುವಿಕೆ ಹೆಚ್ಚಾದರೆ ಉಂಗುರಕ್ಕೆ ಹಿಡಿತವೂ ತಡವಾಗುತ್ತದೆ. ತಿಕ್ಕಾಟವನ್ನೇ ನಂಬಿ ಬದುಕುವ ಭಾಗಕ್ಕೆ ಅತಿ ಜಾರುವ ಎಣ್ಣೆ ಉಪಕಾರವಲ್ಲ.

ಗಾಡಿ ಕೈಗೆ ಬಂದ ದಿನ ಅವರು ಒಂದೇ ಪ್ರಶ್ನೆ ಕೇಳಿದರು: "ಇನ್ನ ಹ್ಯಾಂಗ ಓಡಿಸ್ಬೇಕ್ರಿ ಅಕ್ಕಾರ?"

ಹೇಳುವುದು ಬಹಳವೇನೂ ಇರಲಿಲ್ಲ. "ಕ್ಲಚ್ ಪೂರ್ತಿ ತುಳಿರಿ. ಲಿವರ್ ಬಾಗಿಲಿಗೆ ಬಂದು ತಡೀತದಲ್ಲ, ಅಲ್ಲಿ ಗುದ್ದಬ್ಯಾಡ್ರಿ, ಒಂದ ಒತ್ತಡದಾಗ ಹಿಡೀರಿ, ತಾನ ಬೀಳ್ತದ. ಸುಮ್ನ ಹೊಂಟಾಗ ಲಿವರ್ ಮ್ಯಾಲೆ ಕೈ ಭಾರ ಇಡಬ್ಯಾಡ್ರಿ."

ಬಾಗಿಲಲ್ಲಿ ಉಂಗುರ ಕೇಳುವುದು ಅರ್ಧ ಸೆಕೆಂಡಿನಷ್ಟು ಸಮಯ. ಎಎಂಟಿ ಕಾರು ಇಟ್ಟುಕೊಂಡವರು ಇದು ತಮಗಲ್ಲ ಎಂದುಕೊಳ್ಳಬೇಕಿಲ್ಲ. ಅದರೊಳಗೂ ಇದೇ ಗೇರುಗಳು, ಇದೇ ಹಿತ್ತಾಳೆ ಉಂಗುರ. ಲಿವರ್ ತಳ್ಳುವ ಕೈ ಮಾತ್ರ ಯಂತ್ರದ್ದು. ಗೇರು ಬದಲಾಗುವಾಗ ಆ ಕಾರು ಒಂದು ಕ್ಷಣ ತಡೆದು ಮುಂದಕ್ಕೆ ಹೋಗುತ್ತದಲ್ಲ, ಆ ತಡೆಯಲ್ಲಿ ಒಂದು ಪಾಲು ಈ ಉಂಗುರ ಕೇಳಿ ಪಡೆದ ಸಮಯ.